ತಪ್ಪಿದ ತಿಥಿಯ ಬಗ್ಗೆ ನೊಂದವರಿಗೆ

ಮಹಾಲಯ ಪಕ್ಷ ಬಂತೆಂದರೆ ಶಿರಸಿ ಕಡೆಯ ನಮ್ಮ ಮನೆಗಳಲ್ಲಿ ಹಿರಿಯರ ಮಾತು ಹೆಚ್ಚುತ್ತದೆ. ಅದರ ಜೊತೆಗೆ ಕೆಲವರ ಮನಸ್ಸಿನಲ್ಲಿ, ಸರಿಯಾದ ದಿನಕ್ಕೆ ಶ್ರಾದ್ಧ ಮಾಡಲಿಲ್ಲವಲ್ಲ ಎಂಬ ನೋವೂ ಏಳುತ್ತದೆ. ಕೋವಿಡ್ ಕಾಲದಲ್ಲಿ ತಮ್ಮವರನ್ನು ಕಳೆದುಕೊಂಡವರಲ್ಲಿ ಈ ನೋವನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಅಂಥವರಿಗಾಗಿ ನಮ್ಮ ಮನೆಯ ಒಂದು ಸಂಗತಿಯನ್ನು ಬರೆಯುತ್ತಿದ್ದೇನೆ.

ನನ್ನ ಚಿಕ್ಕಪ್ಪ ತೀರಿಕೊಂಡದ್ದು 2021ರ ಮೇ 15ರಂದು, ದೂರದ ಊರಿನ ಆಸ್ಪತ್ರೆಯೊಂದರಲ್ಲಿ. ಹತ್ತಿರ ಯಾರೂ ಇರಲಿಲ್ಲ. ಸುದ್ದಿ ಬಂದಾಗ ಕತ್ತಲಾಗಿತ್ತು, ಹೊತ್ತು ಎಷ್ಟೆಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಚಿಕ್ಕಪ್ಪನ ಮಗ ಆಮೇಲೆ ಪಂಚಾಂಗ ತೆಗೆದು ನೋಡಿದಾಗ ಆ ದಿನಕ್ಕೆ ವೈಶಾಖ ಶುದ್ಧ ತೃತೀಯಾ ಎಂದಿತ್ತು. ಮರುವರ್ಷದಿಂದ ಸತತ ನಾಲ್ಕು ವರ್ಷ ಅವನು ತೃತೀಯೆಗೇ ಶ್ರಾದ್ಧ ಮಾಡಿದ. ಒಮ್ಮೆ ಬೇರೆ ಯಾವುದೋ ಕೆಲಸಕ್ಕೆಂದು ಆಸ್ಪತ್ರೆಯ ಕಾಗದಗಳನ್ನು ಹುಡುಕುವಾಗ ಪ್ರಾಣ ಹೋದ ಸಮಯ ಕಣ್ಣಿಗೆ ಬಿತ್ತು: ಮಧ್ಯಾಹ್ನ ಎರಡೂವರೆ.

ಪಂಚಾಂಗದಲ್ಲಿ ಒಂದು ದಿನದ ಎದುರು ಇರುವುದು ಸೂರ್ಯೋದಯದ ಹೊತ್ತಿನ ತಿಥಿ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಆ ತಿಥಿ ಮುಗಿಯುವ ಸಮಯವಿರುತ್ತದೆ, ಅವಸರದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಆ ವರ್ಷದ ತೃತೀಯೆ ಮೇ 14ರ ಬೆಳಗಿನ ಜಾವವೇ ಬಂದು, 15ರ ಬೆಳಗ್ಗೆ ಎಂಟರ ಸುಮಾರಿಗೆ ಮುಗಿದಿತ್ತು. ಹಾಗಾಗಿ ಎರಡು ಸೂರ್ಯೋದಯಗಳಿಗೂ ತೃತೀಯೆಯೇ ಇತ್ತು. ಆದರೆ ಶ್ರಾದ್ಧಕ್ಕೆ ಹಿಡಿಯಬೇಕಾದದ್ದು ಪ್ರಾಣ ಹೋದ ಕ್ಷಣದ ತಿಥಿಯನ್ನು. ಎರಡೂವರೆಯ ಹೊತ್ತಿಗೆ ಚತುರ್ಥಿ ಬಂದು ಆರು ತಾಸು ಕಳೆದಿತ್ತು.

ಅವನು ಫೋನಿನಲ್ಲಿ ಮಾತು ಮುಗಿಸಲಾಗದೆ ಅತ್ತ. "ಅಪ್ಪನಿಗೆ ನಾಲ್ಕು ವರ್ಷ ಏನೂ ಮುಟ್ಟಲಿಲ್ಲವಲ್ಲ, ಅಣ್ಣಾ" ಎಂದ. ನಾನು ಅವನನ್ನು ಕರೆದುಕೊಂಡು ನಮ್ಮ ಮನೆಯ ಪುರೋಹಿತ ಭಟ್ಟರಲ್ಲಿಗೆ ಹೋದೆ. ಅವರು ಎಲ್ಲವನ್ನೂ ಕೇಳಿ, "ತಿಳಿದ ಮಟ್ಟಿಗೆ ಶ್ರದ್ಧೆಯಿಂದ ಮಾಡಿದ್ದೀಯ, ಅದು ವ್ಯರ್ಥವಾಗುವುದಿಲ್ಲ. ಇನ್ನು ಮುಂದೆ ಚತುರ್ಥಿಗೆ ಮಾಡು" ಎಂದರು. ನನ್ನ ನಂಬಿಕೆಯೂ ಅದೇ. ಶ್ರದ್ಧೆಯಿಂದ ಮಾಡುವುದಕ್ಕೆ ತಾನೆ ಶ್ರಾದ್ಧ ಎಂಬ ಹೆಸರು?

ಭಟ್ಟರು ಅಲ್ಲಿಯೇ 2026ರ ದಿನವನ್ನೂ ನೋಡಿ ಕೊಟ್ಟರು. ಆ ವರ್ಷದ ವೈಶಾಖ ಶುದ್ಧ ಚತುರ್ಥಿ ಏಪ್ರಿಲ್ 20ರ ಬೆಳಗ್ಗೆ ಏಳೂವರೆಯ ಸುಮಾರಿಗೆ ಬಂದು, ಮರುದಿನ ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತದೆ. ಅಂದರೆ ಯಾವ ಸೂರ್ಯೋದಯಕ್ಕೂ ಚತುರ್ಥಿ ಸಿಗುವುದಿಲ್ಲ, ಬರಿಯ ಸಾಲು ನೋಡಿದವನು ಮತ್ತೆ ಗಾಬರಿಯಾಗುತ್ತಾನೆ. ವಾರ್ಷಿಕ ಶ್ರಾದ್ಧಕ್ಕೆ ನೋಡುವುದು ಅಪರಾಹ್ಣದಲ್ಲಿರುವ ತಿಥಿಯನ್ನು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ಣ, ಏಪ್ರಿಲ್‌ನಲ್ಲಿ ಅದು ಸುಮಾರು ಒಂದೂ ಮುಕ್ಕಾಲರಿಂದ ನಾಲ್ಕೂ ಕಾಲರವರೆಗೆ. ಆ ಹೊತ್ತಿನಲ್ಲಿ ಚತುರ್ಥಿ ಪೂರ್ತಿಯಾಗಿ ಇರುವುದರಿಂದ 20ನೆಯ ತಾರೀಖೇ ಚಿಕ್ಕಪ್ಪನ ದಿನ.

ಇನ್ನು ಹೊತ್ತೂ ದಿನವೂ ತಿಳಿಯದವರಿದ್ದಾರೆ. ಕಡಲಿಗೆ ಹೋದವರು ಮರಳದ ಮನೆಗಳು ನಮ್ಮ ಕರಾವಳಿಯಲ್ಲಿ ಇವೆ. ತಿಂಗಳು ಮಾತ್ರ ಗೊತ್ತಿದ್ದರೆ ಆ ತಿಂಗಳ ಅಮಾವಾಸ್ಯೆಗೆ ಮಾಡಬಹುದು. ಯಾವುದೂ ಗೊತ್ತಿಲ್ಲದವರಿಗೆ, ತಿಥಿ ತಪ್ಪಿಸಿಕೊಂಡವರಿಗೆ ಭಾದ್ರಪದದ ಮಹಾಲಯ ಅಮಾವಾಸ್ಯೆ ಇದೆ, ಅದಕ್ಕೆ ಸರ್ವಪಿತೃ ಅಮಾವಾಸ್ಯೆ ಎಂದೇ ಹೆಸರು. ಅಡುಗೆ ಮಾಡಿಸಿ ಪಿಂಡ ಇಡುವ ಅನುಕೂಲವಿಲ್ಲದಿದ್ದರೆ ಅಕ್ಕಿ, ಬೇಳೆ, ಕಾಯಿಗಳನ್ನು ಕೊಡುವ ಆಮಶ್ರಾದ್ಧವಿದೆ. ಅದೂ ಆಗದಿದ್ದರೆ ಎಳ್ಳು ನೀರು ಬಿಡಬಹುದು. ವಿಷ್ಣುಪುರಾಣವಂತೂ ಇನ್ನೂ ಮುಂದೆ ಹೋಗುತ್ತದೆ. ಏನೂ ಇಲ್ಲದವನು ಎಲ್ಲಿಂದಲಾದರೂ ತಂದು ಹಸುವಿಗೆ ಒಂದು ದಿನದ ಮೇವು ಕೊಡಲಿ, ಅದಕ್ಕೂ ಗತಿಯಿಲ್ಲದಿದ್ದರೆ ಕಾಡಿಗೆ ಹೋಗಿ ಎರಡೂ ತೋಳುಗಳನ್ನೆತ್ತಿ, ನನ್ನಲ್ಲಿ ಏನೂ ಇಲ್ಲ, ನನ್ನ ಭಕ್ತಿಯಿಂದಲೇ ಪಿತೃಗಳು ತೃಪ್ತರಾಗಲಿ ಎಂದು ಹೇಳಲಿ ಎನ್ನುತ್ತದೆ. ಇಷ್ಟು ಕರುಣೆಯಿಂದ ನಿಯಮ ಬರೆದವರು, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಂಗಾಲಾದ ಮಗನ ಮೇಲೆ ದೋಷ ಹೊರಿಸುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲಿ ಹಿರಿಯರ ತಿಥಿಗಳನ್ನು ಬರೆದಿಡುವ ಹಳೆಯ ಪುಸ್ತಕವೊಂದಿದೆ. ಅಜ್ಜನ ಹೆಸರಿನ ಕೆಳಗೆ ಚಿಕ್ಕಪ್ಪನ ಹೆಸರಿತ್ತು, ತೃತೀಯಾ ಎಂದಿತ್ತು. ತಮ್ಮ ಅದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ "ಚತುರ್ಥಿ, ಮಧ್ಯಾಹ್ನ ಎರಡೂವರೆ" ಎಂದು ಬರೆದು, ಪುಸ್ತಕವನ್ನು ಚಿಕ್ಕಮ್ಮನ ಕೈಗೆ ಕೊಟ್ಟ. ಅವಳು ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿ, ದೇವರ ಗೂಡಿನಲ್ಲಿ ಇಟ್ಟಳು.