3000 ಅಕ್ಷರಗಳ ಚೌಕದಲ್ಲಿ 18 ವರ್ಷ

ನಿನ್ನೆ ರಾತ್ರಿ ಹತ್ತೂವರೆಗೆ, ಸುರಿಯುವ ಮಳೆಯ ನಡುವೆ ಕರೆಂಟು ಎರಡನೆಯ ಸಲ ಬಂದಾಗ, ನನ್ನ ಅರೆಕಾಲಿಕ ಸ್ನಾತಕೋತ್ತರ ಪದವಿಯ ಅರ್ಜಿಯನ್ನು ಕೊನೆಯ ಬಾರಿಗೆ ತೆರೆದು ನೋಡಿದೆ. ‘ವ್ಯಾಸಂಗದ ಉದ್ದೇಶ’ ಎಂಬ ಚೌಕದಲ್ಲಿ ನಾನು ಅಂಟಿಸಿದ್ದ ಹೇಳಿಕೆಯು “ನಾನು ಈ ವ್ಯಾಸಂಗವನ್ನು ಅರ್ಧಕ್ಕೆ ಬಿಡುವವಳು” ಎಂಬಲ್ಲಿಗೆ ಮುಗಿದಿತ್ತು. ‘ಅಲ್ಲ’ ಎಂಬ ಪದವು ಚೌಕದಲ್ಲಿ ಹಿಡಿಸದೆ ಹೊರಗೆ ಉಳಿದುಬಿಟ್ಟಿತ್ತು.

3000 ಅಕ್ಷರಗಳ ಮಿತಿಯನ್ನು ನಾನು ಮೀರಿರಲಿಲ್ಲ ಎಂದೇ ತಿಳಿದಿದ್ದೆ, ಏಕೆಂದರೆ ಒಂದನೆಯ ತರಗತಿಯಲ್ಲಿ ಕಲಿತ ಹಾಗೆಯೇ ಅಕ್ಷರಗಳನ್ನು ಎಣಿಸಿದ್ದೆ. ಯಂತ್ರದ ಲೆಕ್ಕ ಬೇರೆ. ಅದು ಒತ್ತಕ್ಷರವನ್ನೂ ಗುಣಿತದ ಚಿಹ್ನೆಯನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ನಡುವಿನ ಖಾಲಿ ಜಾಗಕ್ಕೂ ಒಂದು ಅಂಕಿ ಹಾಕುತ್ತದೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರವಾದರೆ ಅದಕ್ಕೆ ಆರು. ಕನ್ನಡದಲ್ಲಾದರೂ ಇಂಗ್ಲಿಷಿನಲ್ಲಾದರೂ ಬರೆಯಬಹುದು ಎಂದು ಉದಾರವಾಗಿ ಅನುಮತಿ ಕೊಟ್ಟವರು ಈ ಮಾತನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು. ಮಿತಿ ಮೀರಿದಾಗ ಆ ಚೌಕವು ಕೆಂಪಾಗಲೂ ಇಲ್ಲ, ಗದರಲೂ ಇಲ್ಲ. ಸದ್ದಿಲ್ಲದೆ ಬಾಲ ಕತ್ತರಿಸಿತು. ಪೂರ್ವವೀಕ್ಷಣೆಯ ಗುಂಡಿಯನ್ನು ಒತ್ತದೆ ಹೋಗಿದ್ದರೆ, ನಾನು ಓಡಿಹೋಗುವವಳೆಂದು ನಾನೇ ಸಹಿ ಹಾಕಿ ಕಳುಹಿಸಿದಂತಾಗುತ್ತಿತ್ತು.

ಅದು ನಾಲ್ಕನೆಯ ಕರಡು. ಮೊದಲನೆಯದನ್ನು “ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂದು ಆರಂಭಿಸಿ, 2007ರಲ್ಲಿ ಬಿ.ಕಾಂ. ಮುಗಿಸಿದವಳು ಮದುವೆ, ಮಗು, ಸೊಸೈಟಿಯ ಲೆಕ್ಕಪತ್ರದ ಕೆಲಸ ಇತ್ಯಾದಿ ಕಾರಣಗಳಿಂದ 18 ವರ್ಷ ಓದಲಾಗಲಿಲ್ಲವೆಂದು ಎರಡು ಪುಟ ಬರೆದಿದ್ದೆ. ಹತ್ತನೆಯ ತರಗತಿಯಲ್ಲಿರುವ ಮಗಳು ಅದನ್ನು ಓದಿ, “ಅಮ್ಮಾ, ಇದು ರಜಾ ಅರ್ಜಿ. ಕೆಳಗೆ ಅಪ್ಪನ ಸಹಿ ಒಂದು ಬೇಕು, ಅಷ್ಟೆ” ಎಂದಳು. ಅವಳ ಮಾತು ಸರಿಯಾಗಿತ್ತು. ಅರ್ಜಿಯನ್ನು ಓದುವವರು ನನ್ನನ್ನು ಕ್ಷಮಿಸಲು ಕುಳಿತಿರುವುದಿಲ್ಲ. ಇವಳು ಈಗ ಏಕೆ ಬಂದಳು, ಏನನ್ನು ತಿಳಿಯಬೇಕೆಂದಿದ್ದಾಳೆ, ಮುಗಿಸುವಳೇ ಎಂದಷ್ಟೇ ಅವರು ನೋಡುತ್ತಾರೆ. ಓದಿನ ನಡುವಿನ ಅಂತರಕ್ಕೆ ಎರಡು ವಾಕ್ಯ ಸಾಕು.

ಎರಡನೆಯ ಕರಡನ್ನು ಕೆಡಿಸಿದವರು ಮಾವ. ಅವರ ಸಲಹೆಯಂತೆ ಅದು ಮನೆತನದ ಹೆಸರಿನಿಂದ ಆರಂಭವಾಗಿ ತೋಟದ ಎಕರೆಯವರೆಗೆ ಸಾಗಿತ್ತು. ಜಾತಕವೊಂದನ್ನು ಸೇರಿಸಿದ್ದರೆ ವಿಶ್ವವಿದ್ಯಾಲಯದವರು ಹೆಣ್ಣು ನೋಡಲು ಬರುತ್ತಿದ್ದರು.

ಮಾವನವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೊಡಗಿನ ಬಹಳ ತೋಟದ ಮನೆಗಳಲ್ಲಿ ಇರುವಂತೆ ನಮ್ಮ ಅಂಗಳದಲ್ಲಿಯೂ ಒಂದು ಮಳೆಮಾಪಕವಿದೆ. ಪ್ರತಿದಿನ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುವುದು ಅವರ ವ್ರತ. ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ಬರೆದರೆ ಸಾಲದು, ಕೂಗಿ ಹೇಳಬೇಕು. ನಾನು ಐದು ಗಂಟೆಗೆ ಎದ್ದು ‘ನನ್ನ ಸಂಶೋಧನಾಸಕ್ತಿಯೆಂದರೆ’ ಎಂದು ಬರೆದು ಮುಂದಿನ ಪದಕ್ಕಾಗಿ ಒಂದೂವರೆ ಗಂಟೆ ಕಾದು, ಆ ಪದವು ಇನ್ನೇನು ಬಾಗಿಲಿಗೆ ಬಂತು ಎನ್ನುವಾಗ ಅಂಗಳದಿಂದ “ಎರಡು ಇಂಚು ಮೂವತ್ತೈದು ಸೆಂಟು!” ಎಂಬ ಘೋಷಣೆ ಕೇಳಿಸುತ್ತದೆ. ಅದಾದ ಮೇಲೆ ಪಕ್ಕದ ತೋಟದವರಿಗೆ ಫೋನು. ಅವರಲ್ಲಿ ಎರಡು ಇಂಚು ಐವತ್ತು ಎಂದಾದರೆ, ತಮ್ಮ ಮಳೆಯನ್ನು ಯಾರೋ ಕದ್ದರೆಂಬಂತೆ ಮುಖ ಸಣ್ಣದು ಮಾಡಿಕೊಂಡು ಬಂದು, ನನ್ನ ಪರದೆಯನ್ನು ನೋಡಿ, “ಇನ್ನೂ ಅದೇ ಸಾಲಿನಲ್ಲಿದ್ದೀಯಲ್ಲಮ್ಮ” ಎನ್ನುತ್ತಾರೆ.

ಒಂದು ದಿನ ಸಿಟ್ಟಿನಿಂದಲೇ ಆ ಪುಸ್ತಕಗಳನ್ನು ತೆಗೆದು ನೋಡಿದೆ. ಕಪಾಟಿನಲ್ಲಿ ಮೂವತ್ತೊಂದು ಇದ್ದವು. 2021ರ ಜನವರಿಯ ಪುಟದಲ್ಲಿ ‘1.20’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ‘ಕಣದಲ್ಲಿ ಕಾಫಿ ಒದ್ದೆ’ ಎಂದಿತ್ತು. ಕೊಯ್ಲಿನ ಹೊತ್ತಿನ ಮಳೆ ಏನು ಮಾಡುತ್ತದೆಂಬುದು ಇಲ್ಲಿನವರಿಗೆ ಗೊತ್ತು: ಹಣ್ಣು ಉದುರುತ್ತದೆ, ಕಣದಲ್ಲಿ ಹರಡಿದ್ದು ಬೂಷ್ಟು ಹಿಡಿಯುತ್ತದೆ, ರೊಬಸ್ಟಾದಲ್ಲಿ ಹಣ್ಣು ಕೀಳುವ ಮೊದಲೇ ಹೂವು ಅರಳಿದರೆ, ಕೀಳುವ ಕೈಯೇ ಮುಂದಿನ ವರ್ಷದ ಫಸಲನ್ನೂ ಉದುರಿಸುತ್ತದೆ. ಇತ್ತ ಸೊಸೈಟಿಯಲ್ಲಿ ನಾನು ಕಾಣುವುದು ಅದರ ಇನ್ನೊಂದು ಮುಖ. ಬೆಳೆ ಸಾಲವನ್ನು ವಾಯಿದೆಯೊಳಗೆ ಕಟ್ಟಿದರಷ್ಟೇ ಶೂನ್ಯ ಬಡ್ಡಿ. ಆದ್ದರಿಂದ ಕೆಲವರು ಸರಿಯಾಗಿ ಒಣಗದ ಕಾಫಿಯನ್ನೇ ಸಿಕ್ಕಿದ ಬೆಲೆಗೆ ಮಾರಿ ಹಣ ತರುತ್ತಾರೆ, ಕೆಲವರು ವಾಯಿದೆ ತಪ್ಪಿ ಬಡ್ಡಿಗೆ ಬೀಳುತ್ತಾರೆ. ಮಾವನ ಪುಸ್ತಕವನ್ನೂ ನಮ್ಮ ಲೆಡ್ಜರನ್ನೂ ಪಕ್ಕಪಕ್ಕದಲ್ಲಿಟ್ಟು, ಅಕಾಲಿಕ ಮಳೆಯಾದ ವರ್ಷಗಳಲ್ಲಿ ಮರುಪಾವತಿ ಎಷ್ಟು ಹಿಂದೆ ಬೀಳುತ್ತದೆ, ಸಣ್ಣ ಹಿಡುವಳಿದಾರರಲ್ಲಿ ಹೆಚ್ಚೋ ದೊಡ್ಡವರಲ್ಲಿ ಹೆಚ್ಚೋ ಎಂದು ನೋಡಬಹುದಲ್ಲ! ಅರ್ಥಶಾಸ್ತ್ರವನ್ನು ಏಕೆ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ. ಸದಸ್ಯರ ಹೆಸರುಗಳನ್ನು ಬಿಟ್ಟು, ಆಡಳಿತ ಮಂಡಳಿಯ ಅನುಮತಿ ಪಡೆದು ಎಂಬ ಒಂದು ವಾಕ್ಯವನ್ನೂ ಸೇರಿಸಿದೆ, ಇಲ್ಲವಾದರೆ ಓದಿಗಿಂತ ಮೊದಲು ಕೆಲಸ ಹೋಗುತ್ತದೆ.

ಹುಡುಕುತ್ತಾ ಹೋದಾಗ 2010ರ ಪುಸ್ತಕವೂ ಕೈಗೆ ಬಂತು. ಜುಲೈ ತಿಂಗಳ ಒಂದು ಸಾಲಿನಲ್ಲಿ ‘3.10. ಮೊಮ್ಮಗಳು ಹುಟ್ಟಿದಳು’ ಎಂದಿತ್ತು. ನಾಲ್ಕು ವರ್ಷಗಳ ನಂತರದ ಪುಸ್ತಕದಲ್ಲಿ, ‘0.45. ಸೊಸೆ ಇಂದಿನಿಂದ ಸೊಸೈಟಿಗೆ. ಮಗು ಅತ್ತಿತು.’ ನಾನು ಎರಡು ಪುಟಗಳ ಉದ್ದಕ್ಕೂ ಕ್ಷಮೆ ಕೇಳಿದ್ದ ಆ ವರ್ಷಗಳು ಅಲ್ಲಿ ಒಂದು ದಿನವೂ ತಪ್ಪದೆ, ನೀಲಿ ಶಾಯಿಯಲ್ಲಿ, ಮಳೆಯ ಪಕ್ಕದಲ್ಲಿ ಕುಳಿತಿದ್ದವು. ಬಹಳ ಹೊತ್ತು ಓದಿದೆ. ಆ ದಿನ ಕರಡು ಮುಂದೆ ಹೋಗಲಿಲ್ಲ.

ಉಳಿದದ್ದು ಮುಗಿಸುವಳೇ ಎಂಬ ಪ್ರಶ್ನೆ. ಇದಕ್ಕೆ ನಾನು ಮೊದಲು ಛಲ, ಶ್ರದ್ಧೆ ಮುಂತಾದ ಪದಗಳನ್ನು ಬಳಸಿ ನೋಡಿದೆ. ಲೆಕ್ಕ ಬರೆಯುವವಳಿಗೇ ಅದು ನಂಬಿಕೆ ಹುಟ್ಟಿಸಲಿಲ್ಲ. ಆಮೇಲೆ ಗಂಟೆಗಳನ್ನೇ ಬರೆದೆ. ನಮ್ಮ ಕೋರ್ಸಿಗೆ 80 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 30 ಗಂಟೆಯ ಓದು, ಒಟ್ಟು 2400 ಗಂಟೆ. ನಾಲ್ಕು ವರ್ಷಗಳಿಗೆ ಹಂಚಿ, ವರ್ಷಕ್ಕೆ 50 ವಾರವೆಂದು ಹಿಡಿದರೆ ವಾರಕ್ಕೆ 12 ಗಂಟೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಒಂದೂವರೆ ಗಂಟೆಯಂತೆ 9, ಭಾನುವಾರ ಮಧ್ಯಾಹ್ನ 3. ಲೆಕ್ಕ ಸರಿಹೋಯಿತು, ಆದರೆ ಅದು ಸುಳ್ಳು. ಮಾರ್ಚಿನಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸಿ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ಆ ತಿಂಗಳು ಬೆಳಗಿನ ಐದು ಗಂಟೆ ಎಂಬುದೊಂದು ನನ್ನ ಪಾಲಿಗಿಲ್ಲ. ಆದ್ದರಿಂದ ಮಾರ್ಚ್ ಬರುವ ಸೆಮಿಸ್ಟರಿನಲ್ಲಿ ಒಂದು ಪತ್ರಿಕೆ ಕಡಿಮೆ ತೆಗೆದುಕೊಂಡು, ಮಳೆಗಾಲದಲ್ಲಿ ತುಂಬಿಸಿಕೊಳ್ಳುವೆನೆಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಇಂದು ಬೆಳಿಗ್ಗೆ ‘ಮಾನ್ಯರೇ’ಯನ್ನು ತೆಗೆದೆ, ‘ವಿನಮ್ರತಾಪೂರ್ವಕವಾಗಿ’ ಎಂಬುದನ್ನು ತೆಗೆದೆ, ‘ಅಲ್ಲ’ ಒಳಗೆ ಬಂತು. ಅಷ್ಟರಲ್ಲಿ ಅಂಗಳದ ಘೋಷಣೆ ಮುಗಿಸಿ ಬಂದ ಮಾವ, ಕನ್ನಡಕ ಹಾಕಿಕೊಂಡು ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಮ್ಮ ಪುಸ್ತಕದ ಉಲ್ಲೇಖ ಬಂದಲ್ಲಿ ನಿಂತು ಇನ್ನೊಮ್ಮೆ ಓದಿದರು. ಮೆಚ್ಚುವರೆಂದು ಕಾದೆ.

“‘30 ಮಿ.ಮೀ.’ ಎಂದು ಯಾಕಮ್ಮ ಬರೆದೆ? ನಾನು ಅಳೆದದ್ದು ಇಂಚಿನಲ್ಲಿ. ‘1 ಇಂಚು 20 ಸೆಂಟು’ ಅಂತ ಹಾಕು.”

ಹಾಗೆ ತಿದ್ದಲು ಯಂತ್ರದ ಲೆಕ್ಕದಲ್ಲಿ ಇನ್ನೂ ಆರು ಅಕ್ಷರ ಬೇಕು. ಚೌಕದಲ್ಲಿ ಉಳಿದಿರುವುದು ನಾಲ್ಕು.