ತಾರಸಿ ವಾಟರ್‌ಪ್ರೂಫಿಂಗ್: ಅಡಿ ರೇಟ್ ಕೇಳ್ಬೇಡಿ, ಎಷ್ಟು ಲೀಟರ್ ಅಂತ ಕೇಳಿ

ಮಳೆಗಾಲ ಹತ್ರ ಬಂತು ಅಂದ್ರೆ ಎಲ್ರೂ ಕೇಳೋದು ಒಂದೇ, "ಅಡಿಗೆ ಎಷ್ಟು ತಗೋತೀರಾ?" ಅಂತ. ಒಬ್ಬ 15 ಅಂತಾನೆ, ಇನ್ನೊಬ್ಬ 30 ಅಂತಾನೆ, ನಾವು 15ರವನಿಗೆ ಕೊಟ್ಬಿಡ್ತೀವಿ. ನನ್ನ ಪ್ರಕಾರ ಈ ಪ್ರಶ್ನೆನೇ ಸರಿ ಇಲ್ಲ, ಯಾಕಂದ್ರೆ ಅಡಿ ರೇಟಲ್ಲಿ ಎಷ್ಟು ಕೋಟ್ ಹೊಡೀತಾರೆ, ಎಷ್ಟು ನೀರು ಬೆರೆಸ್ತಾರೆ ಅನ್ನೋದು ಕಾಣೋದೇ ಇಲ್ಲ.

ಮೈಸೂರಲ್ಲಿ ನಮ್ಮಕ್ಕನ ಮನೆ 30 ಬೈ 40 ಸೈಟಲ್ಲಿದೆ, ಅದರ ಲೆಕ್ಕನೇ ಹೇಳ್ತೀನಿ. ಪ್ಯಾರಾಪೆಟ್ ಒಳಗೆ ಟೇಪ್ ಹಿಡಿದು ಅಳೆದ್ರೆ 38 ಬೈ 28, ಅಂದ್ರೆ 1,064 ಚದರ ಅಡಿ. ಇಷ್ಟಕ್ಕೇ ನಿಲ್ಲಿಸಬಾರದು. ನೀರು ಜಾಸ್ತಿ ಇಳಿಯೋದು ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರೋ ಮೂಲೇಲಿ, ಹಾಗಾಗಿ ಗೋಡೆ ಮೇಲೂ ಒಂದಡಿ ಎತ್ತರ ಹೊಡೀಲೇಬೇಕು. ಸುತ್ತಳತೆ 132 ಅಡಿ, ಅದನ್ನ ಸೇರಿಸಿದ್ರೆ 1,196, ಹತ್ತಿರತ್ತಿರ 1,200 ಚದರ ಅಡಿ, ಅಂದ್ರೆ 12 ಚದರ.

ಈಗ ಕೆಮಿಕಲ್. ಬರೀ ಮೋಲ್ಡ್ ಮೇಲೆ ಸಿಮೆಂಟ್ ಗಾರೆ ಇರೋ ತಾರಸಿಗೆ ಸಾಮಾನ್ಯವಾಗಿ ಬಳಸೋದು ಅಕ್ರಿಲಿಕ್ ಕೋಟಿಂಗ್, ಒಣಗಿದ್ಮೇಲೆ ರಬ್ಬರ್ ತರ ಎಳೆದ್ರೆ ಹಿಗ್ಗುತ್ತಲ್ಲ, ಅದು. ಅಕ್ಕ ನೋಡಿದ ಬಕೆಟ್ ಮೇಲೆ ಎರಡು ಕೋಟ್‌ಗೆ ಲೀಟರ್‌ಗೆ 20 ರಿಂದ 25 ಅಡಿ ಅಂತ ಇತ್ತು. ಲೆಕ್ಕಕ್ಕೆ ಯಾವಾಗ್ಲೂ ಕಮ್ಮಿ ನಂಬರ್ರೇ ಹಿಡೀಬೇಕು, ಯಾಕಂದ್ರೆ ಹಳೇ ತಾರಸಿ ಒರಟಾಗಿರುತ್ತೆ, ಮಾಲು ಕುಡಿಯುತ್ತೆ. 1,200ನ 20ರಿಂದ ಭಾಗಿಸಿದ್ರೆ 60 ಲೀಟರ್. ಇದಕ್ಕೂ ಮುಂಚೆ ಅದೇ ಮಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಪ್ರೈಮರ್ ಕೋಟ್, ಅದಕ್ಕೆ 12 ಲೀಟರ್ ಮಾಲು. ಒಟ್ಟು 72, ವೇಸ್ಟೇಜ್ ಹತ್ತು ಪರ್ಸೆಂಟ್ ಸೇರಿದ್ರೆ 80 ಹತ್ರ, ಅಂದ್ರೆ 20 ಲೀಟರಿನ ನಾಲ್ಕು ಬಕೆಟ್. ಬಕೆಟ್‌ಗೆ 5,000 ಅಂತ ಹಿಡಿಯೋಣ, ನಿಮ್ಮೂರಲ್ಲಿ ಇರೋ ರೇಟ್ ಹಾಕ್ಕೊಳಿ, 20,000 ಆಯ್ತು.

ಕೂಲಿ ಬಂದು ಮೇಸ್ತ್ರಿಗೆ 1,000, ಹೆಲ್ಪರ್‌ಗೆ 700 ಅಂದ್ರೆ ದಿನಕ್ಕೆ 1,700. ಉಜ್ಜಿ ತೊಳೆದು ಪಾಚಿ ತೆಗೆಯೋಕೆ ಒಂದು ದಿನ, ಬಿರುಕನ್ನ ಕೊರೆದು ಅಗಲ ಮಾಡಿ ತುಂಬಿ ಗೋಡೆ ಮೂಲೆ ಎಲ್ಲ ಗಾರೆಯಿಂದ ದುಂಡಗೆ ಮಾಡೋಕೆ ಒಂದು ದಿನ, ಆಮೇಲೆ ಮೂರು ಕೋಟ್‌ಗೆ ಮೂರು ದಿನ, ಐದು ದಿನಕ್ಕೆ 8,500. ಬಿರುಕಿನ ಮಾಲು, ಫೈಬರ್ ಮೆಶ್ ಎಲ್ಲ ಸೇರಿ 4,000. ಅಲ್ಲಿಗೆ 32,500, ಅಡಿಗೆ 27 ರೂಪಾಯಿ. ಕಂಟ್ರಾಕ್ಟರ್ ತನ್ನ ಲಾಭ ಇಟ್ಕೊಂಡು 31-32 ಕೇಳಿದ್ರೆ ಅದು ನ್ಯಾಯವಾದ ರೇಟೇ.

ಈಗ 15 ರೂಪಾಯಿಯವನ ಲೆಕ್ಕ ನೋಡಿ. ಬರೀ ಕೆಮಿಕಲ್ಲೇ ಅಡಿಗೆ ಹದಿನಾರೂವರೆ ರೂಪಾಯಿ ಮೇಲೆ ಬೀಳ್ತಿದೆ, ಅವನು ಕೂಲೀನೂ ಸೇರಿಸಿ 15ಕ್ಕೆ ಮೂರು ಕೋಟ್ ಹೇಗೆ ಕೊಡ್ತಾನೆ? ಒಂದೋ ಕೋಟ್ ಕಮ್ಮಿ, ಇಲ್ಲ ಮಾಲು ಕಮ್ಮಿ ದರ್ಜೇದು, ಇಲ್ಲ ಮೇಲಿನ ಕೋಟ್‌ಗೂ ನೀರು. ಪ್ರೈಮರ್ ಆದ್ಮೇಲಿನ ಎರಡು ಕೋಟ್‌ಗೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ನೀರು ಹಾಕಿದ್ರೆ ಒಣಗಿದ್ಮೇಲೆ ಉಳಿಯೋ ಪೊರೆ ತೆಳ್ಳಗಾಗುತ್ತೆ, ಬಿಸಿಲಿಗೆ ಮೋಲ್ಡ್ ಹಿಗ್ಗಿ ಕುಗ್ಗಿದಾಗ ಹರಿದುಹೋಗುತ್ತೆ. ಹೊಡೆದ ದಿನ ಸರಿಯಾಗಿ ಹೊಡೆದಿದ್ದೂ ನೀರು ಬೆರೆಸಿದ್ದೂ ಒಂದೇ ತರ ಬೆಳ್ಳಗೆ ಕಾಣುತ್ತೆ, ಅದೇ ಮೋಸ.

ಇದನ್ನ ಹಿಡಿಯೋದು ಕಷ್ಟ ಏನಿಲ್ಲ. ಕೊಟೇಶನ್‌ನಲ್ಲಿ ಬಕೆಟ್ ಸಂಖ್ಯೆ ಬರೆಸಿ, ಸೀಲ್ ನಿಮ್ಮೆದುರೇ ಒಡೆಯಲಿ, ಖಾಲಿ ಬಕೆಟ್ ಕೆಲಸ ಮುಗಿಯೋವರೆಗೂ ಮನೇಲೇ ಇರಲಿ. ಪ್ರೈಮರ್ ಆದ್ಮೇಲೆ ಮೊದಲ ಕೋಟ್ ಬಿಳಿ, ಎರಡನೇದು ಗ್ರೇ ಮಾಡಿಸಿದ್ರೆ ಬಿಟ್ಟುಹೋದ ಜಾಗ ಕಣ್ಣಿಗೇ ಕಾಣುತ್ತೆ.

ಇನ್ನೊಂದು ವಿಷಯ, ತಾರಸಿ ಒಳಗೆ ತೇವ ಇದ್ರೆ ಎಷ್ಟು ಒಳ್ಳೇ ಮಾಲು ಹಾಕಿದ್ರೂ ಗುಳ್ಳೆ ಎದ್ದು ಬರುತ್ತೆ. ತೊಳೆದು ಒಣಗಿಸಿದ್ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಕಡೆ ಟೇಪ್ ಅಂಟಿಸಿ ರಾತ್ರಿ ಬಿಡಿ, ಬೆಳಿಗ್ಗೆ ಕೆಳಗೆ ಹನಿ ಕಂಡ್ರೆ ಇನ್ನೂ ಒಣಗಬೇಕು ಅಂತ.

ಮತ್ತೆ ಮಳೆ ನಿಂತು ಎಷ್ಟೋ ಹೊತ್ತಾದ್ರೂ ತಾರಸಿ ಮೇಲೆ ನೀರು ನಿಂತೇ ಇದ್ರೆ ಅದು ವಾಟದ, ಅಂದ್ರೆ ಇಳಿಜಾರಿನ ಸಮಸ್ಯೆ, ಕೋಟಿಂಗ್‌ನಿಂದ ಸರಿಹೋಗಲ್ಲ. ಮೊದಲು ಪೈಪ್ ಕಡೆಗೆ ಗಾರೆ ಹಾಕಿಸಿ ವಾಟ ಕೊಡಿಸಬೇಕು, ಅದರ ಖರ್ಚು ಈ 32,500ರಲ್ಲಿ ಇಲ್ಲ. ಕೊನೇ ಪೇಮೆಂಟ್ ಮಾತ್ರ ಕೋಟಿಂಗ್ ಪೂರ್ತಿ ಗಟ್ಟಿಯಾಗಿ, ಪೈಪ್ ಬಾಯಿ ಮುಚ್ಚಿ ಎರಡಿಂಚು ನೀರು ಒಂದು ದಿನ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿದ್ಮೇಲೇ ಕೊಡಿ.