ಜರ್ಮನ್ ಲಿಂಗ ಗೊತ್ತಾಗಬೇಕಾ? ಪದದ ಬಾಲ ನೋಡಿ

ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ: ಡೆರ್ ಲ್ಯೋಫೆಲ್. ಫೋರ್ಕ್ ಸ್ತ್ರೀಲಿಂಗ: ಡೀ ಗಾಬೆಲ್. ಚಾಕು ನಪುಂಸಕ: ಡಾಸ್ ಮೆಸರ್. ಪದದ ಮುಂದೆ ನಿಲ್ಲುವ ಡೆರ್, ಡೀ, ಡಾಸ್‌ಗಳೇ ಲಿಂಗದ ಗುರುತು. ಕನ್ನಡದವರಿಗೆ ಇದು ತಲೆನೋವೇ. ನಮ್ಮಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ. ಗಂಡಸು ಬಂದ, ಹೆಂಗಸು ಬಂದಳು, ಚಮಚ ಬಿತ್ತು, ಅಷ್ಟೇ ಅಲ್ವಾ?

ಹಿಂದೆ ಜರ್ಮನ್ ನಾಮಪದಗಳ ಕೊನೆಯ ಸ್ವರದಲ್ಲಿ ಲಿಂಗದ ಸುಳಿವು ಸ್ವಲ್ಪ ಸಿಗುತ್ತಿತ್ತು. ಕಾಲ ಕಳೆದಂತೆ ಆ ಸ್ವರಗಳು ಸವೆದವು, ಲಿಂಗ ಮಾತ್ರ ಉಳಿಯಿತು. ಅದಕ್ಕೇ ಟಿಶ್, ಹಾಂಟ್, ಬೂಖ್‌ನಂಥ ಹಳೆಯ ಚಿಕ್ಕ ಪದಗಳನ್ನು ನೋಡಿದರೆ ಏನೂ ತಿಳಿಯುವುದಿಲ್ಲ.

ಆದರೆ ಪ್ರತ್ಯಯ ಸೇರಿಸಿ ಕಟ್ಟಿದ ಪದಗಳ ಕಥೆ ಬೇರೆ. ಅಲ್ಲಿ ಲಿಂಗ ತೀರ್ಮಾನಿಸುವುದು ಪ್ರತ್ಯಯ, ಅರ್ಥವಲ್ಲ. 'ಶೆನ್' ಅಂದರೆ ಪುಟ್ಟದು. ಅದು ಅಂಟಿದರೆ ಪದ ನಪುಂಸಕ. ಡೆರ್ ಹುಂಡ್ ಅಂದರೆ ನಾಯಿ, ಪುಟ್ಟ ನಾಯಿ ಡಾಸ್ ಹ್ಯುಂಟ್‌ಶೆನ್. ಹುಡುಗಿ ಡಾಸ್ ಮೇಟ್‌ಶೆನ್ ಆಗಿದ್ದೂ ಹೀಗೇ, ಹೆಣ್ಣುಮಕ್ಕಳನ್ನು ವಸ್ತು ಅಂದುಕೊಂಡು ಅಲ್ಲ. 'ಲೈನ್' ಕೂಡ ಇದೇ ಜಾತಿ.

ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸ್ತ್ರೀಲಿಂಗದ ಗುಂಪು: ಉಂಗ್, ಹೈಟ್, ಕೈಟ್, ಶಾಫ್ಟ್, ಟೇಟ್. ಕಚೇರಿ ಕಾಗದಗಳ ತುಂಬ ಇವೇ. ಜರ್ಮನಿಯಲ್ಲಿ ಮನೆ ಬದಲಿಸಿ ವಿಳಾಸ ನೋಂದಾಯಿಸಲು ಹೋದರೆ ಮನೆ ಕೊಟ್ಟವರಿಂದ ಒಂದು ದೃಢೀಕರಣ ಪತ್ರ ತರಬೇಕು. ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಹೆದರಬೇಡಿ. ಜೋಡುಪದದಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಪದ ಮಾತ್ರ. ನಡುವಿನ 'ಗೇಬರ್', ಅಂದರೆ ಕೊಡುವವನು, ಪುಲ್ಲಿಂಗ. ಇರಲಿ ಬಿಡಿ. ಕೊನೆಯಲ್ಲಿರುವುದು ಬೆಶ್ಟೇಟಿಗುಂಗ್, ಬಾಲ ಉಂಗ್, ಹಾಗಾಗಿ ಇಡೀ ಪದ ಡೀ.

ಒಂದು ಎಚ್ಚರಿಕೆ. ಅದು ನಿಜವಾದ ಪ್ರತ್ಯಯವಾಗಿರಬೇಕು. 'ಉಂಗ್' ಕಿತ್ತು ನೋಡಿ. ಬೆಶ್ಟೇಟಿಗುಂಗ್‌ನಲ್ಲಿ ದೃಢೀಕರಿಸು ಎಂಬ ಕ್ರಿಯಾಪದದ ಮೂಲ ಉಳಿಯುತ್ತದೆ. ಶ್ಪ್ರುಂಗ್, ಅಂದರೆ ಜಿಗಿತ, ಇದರಲ್ಲಿ 'ಶ್ಪ್ರ್' ಅಂತ ಬರೀ ಸದ್ದು ಉಳಿಯುತ್ತದೆ. ಅದಕ್ಕೇ ಅದು ಡೆರ್.

ಪುಲ್ಲಿಂಗಕ್ಕೆ ಗಟ್ಟಿ ಗುರುತುಗಳು ಕಡಿಮೆ. ಡೆರ್ ಶ್ಮೆಟರ್ಲಿಂಗ್‌ನ (ಚಿಟ್ಟೆ) 'ಲಿಂಗ್', ಡೆರ್ ಕಪಿಟಲಿಸ್ಮುಸ್‌ನ 'ಇಸ್ಮುಸ್' ನಂಬಬಹುದು. ಕೊನೆಯಲ್ಲಿ 'ಅರ್' ಇದ್ದರೆ ಪುಲ್ಲಿಂಗ ಅಂತ ಕೆಲವರು ಹೇಳಿಕೊಡುತ್ತಾರೆ. ಕೆಲಸ ಮಾಡುವವನ ಹೆಸರಾದರೆ ಸರಿ, ಡೆರ್ ಲೇರರ್ (ಮೇಷ್ಟ್ರು) ಥರ. ಆದರೆ ಕಿಟಕಿ ಡಾಸ್ ಫೆನ್ಸ್ಟರ್, ಬೆಣ್ಣೆ ಡೀ ಬುಟರ್. 'ಎ' ಇದ್ದರೆ ಸ್ತ್ರೀಲಿಂಗ ಅನ್ನುವುದೂ ಜಾಸ್ತಿ ಸಲ ನಿಜ, ಆದರೆ ಚೀಸ್ ಡೆರ್ ಕೇಸೆ, ಕಣ್ಣು ಡಾಸ್ ಆಉಗೆ. ಇಂಥ ಅರ್ಧಂಬರ್ಧ ನಿಯಮಗಳನ್ನು ಮೊದಲ ವರ್ಷದಲ್ಲಿ ಹಚ್ಚಿಕೊಳ್ಳದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬಾಲವಿಲ್ಲದ ಪದಗಳನ್ನು ಡೆರ್, ಡೀ, ಡಾಸ್ ಸಮೇತ ಬಾಯಿಪಾಠ ಮಾಡಲೇಬೇಕು. ಮೊಸರಿನ ವಿಷಯದಲ್ಲಿ ಮಾತ್ರ ನಿಶ್ಚಿಂತೆ. ಯೋಗುರ್ಟ್‌ಗೆ ಡೆರ್ ಅಂದರೂ ಸರಿ, ಡಾಸ್ ಅಂದರೂ ಸರಿ.